ಬಂದ್ರಿ, ಬಂತ್ರಿ, ರೀ: ಪದವೋ, ಪ್ರತ್ಯಯವೋ, ಕ್ಲಿಟಿಕ್ಕೋ ಎಂದು ತೀರ್ಮಾನಿಸುವ ಬಗೆ

ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಂಡು ಬಂದು ಅಕ್ಷರಕ್ಕೆ ಇಳಿಸಲು ಕುಳಿತಾಗ, ನಮ್ಮ ಕೈ ಮೊದಲು ತಡೆದದ್ದು ಕಠಿಣವಾದ ಯಾವುದೋ ಹಳೆಯ ಪದದ ಮುಂದಲ್ಲ, ಪ್ರತಿ ವಾಕ್ಯದ ಕೊನೆಯಲ್ಲಿಯೂ ಕೇಳಿಬರುವ ‘ರಿ’ ಎಂಬ ಒಂದೇ ಅಕ್ಷರದ ಮುಂದೆ. ಅದನ್ನು ಬಿಡಿಸಿ ಬರೆಯಬೇಕೆ, ಹಿಂದಿನ ಪದಕ್ಕೆ ಕೂಡಿಸಿ ಬರೆಯಬೇಕೆ ಎಂಬುದು ನಮಗೆ ತಿಳಿಯಲಿಲ್ಲ. ಮೊದಲ ಸಲ ಎಲ್ಲ ಕಡೆಯೂ ಬಿಡಿಸಿ ಬರೆದೆವು. ಕಂಪ್ಯೂಟರಿನಲ್ಲಿ ಪದಪಟ್ಟಿ ತೆಗೆದಾಗ ‘ರಿ’ ಪಟ್ಟಿಯ ತುದಿಗೆ ಬಂದು ಕುಳಿತಿತು. ‘ನೀವು ಬಂದ್ರಿ’ ಎಂಬುದರ ರಿ, ‘ಬಸ್ ಬಂತ್ರಿ’ ಎಂಬುದರ ರಿ, ‘ರೀ, ಇಲ್ಲಿ ನೋಡ್ರಿ’ ಎಂದು ಕರೆಯುವಾಗಿನ ರೀ ಮೂರೂ ಅಲ್ಲಿ ಕಲಸಿಹೋಗಿದ್ದವು. ಎರಡನೆಯ ಸಲ ಎಲ್ಲವನ್ನೂ ಕೂಡಿಸಿ ಬರೆದೆವು. ಆಗ ಹೌದು, ಹೌದ್ರಿ, ಹೌದಪಾ, ಹೌದವಾ ಎಂಬ ನಾಲ್ಕು ರೂಪಗಳು ನಾಲ್ಕು ಬೇರೆ ಬೇರೆ ಪದಗಳಾಗಿ ಪಟ್ಟಿಯಲ್ಲಿ ನಿಂತವು, ಯಾವ ನಿಘಂಟಿಗೂ ಅದು ಒಪ್ಪುವ ಲೆಕ್ಕವಾಗಿರಲಿಲ್ಲ.

ಎರಡೂ ಸಲ ತಪ್ಪಿದ್ದು ಒಂದೇ ಕಾರಣಕ್ಕೆ. ಬರವಣಿಗೆಯಲ್ಲಿ ಇರುವುದು ಜಾಗ ಬಿಡುವುದು, ಬಿಡದಿರುವುದು ಎಂಬ ಎರಡೇ ಆಯ್ಕೆಗಳು. ಭಾಷೆಯಲ್ಲಿ ಇರುವುದು ಮೂರು. ಸ್ವತಂತ್ರವಾಗಿ ನಿಲ್ಲುವ ಪದ ಒಂದು. ಪ್ರಕೃತಿಯೊಂದಿಗೆ ಸೇರಿ ಒಂದೇ ಪದರೂಪವನ್ನು ಕಟ್ಟುವ ಪ್ರತ್ಯಯ ಇನ್ನೊಂದು. ವಾಕ್ಯರಚನೆಯ ಮಟ್ಟದಲ್ಲಿ ಪದದಂತೆ ನಡೆದುಕೊಂಡು, ಉಚ್ಚಾರಣೆಯಲ್ಲಿ ಮಾತ್ರ ತನ್ನ ಕಾಲ ಮೇಲೆ ನಿಲ್ಲಲಾರದೆ ಪಕ್ಕದ ಪದಕ್ಕೆ ಆತುಕೊಳ್ಳುವ ಕ್ಲಿಟಿಕ್ ಮೂರನೆಯದು. ಕೊಪ್ಪಳ, ರಾಯಚೂರು, ಬಳ್ಳಾರಿಯ ಕಡೆಯ ಮಾತಿನಲ್ಲಿ ಒಂದೇ ಧ್ವನಿರೂಪ ಈ ಮೂರೂ ಕೆಲಸಗಳನ್ನು ಮಾಡುತ್ತದೆ. ಮೂರನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲವಾದ್ದರಿಂದ, ಈ ಬರಹದ ಬಹುಭಾಗವನ್ನು ಆ ಒಂದು ರಿಗೇ ಮೀಸಲಿಡುತ್ತೇನೆ.

ಶಾಲೆಯ ವ್ಯಾಕರಣ ಇಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. ಏ ಅವಧಾರಣಾರ್ಥಕಾವ್ಯಯ, ಊ ಮತ್ತು ‘ಮತ್ತು’ ಎರಡೂ ಸಂಬಂಧಾರ್ಥಕಾವ್ಯಯಗಳು ಎಂದು ನಾವೆಲ್ಲ ಕಲಿತಿದ್ದೇವೆ. ಆ ವಿಂಗಡಣೆ ತಪ್ಪಲ್ಲ, ಆದರೆ ಅದು ಅಳೆಯುವುದು ಬೇರೊಂದನ್ನು. ಲಿಂಗ, ವಚನ, ವಿಭಕ್ತಿಗಳಿಂದ ರೂಪ ಬದಲಾಗದ್ದು ಅವ್ಯಯ. ಅದು ಬಿಡಿಯಾಗಿ ನಿಲ್ಲುತ್ತದೆಯೋ ಆತುಕೊಳ್ಳುತ್ತದೆಯೋ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ‘ಮತ್ತು’ ಬಿಡಿ ಪದ, ‘ಅವನೂ’ ಎಂಬುದರ ಊ ಎಂದೂ ಬಿಡಿಯಾಗಿ ನಿಲ್ಲದು. ಹಾಗಿದ್ದೂ ಎರಡೂ ಒಂದೇ ಗೂಡಿನಲ್ಲಿವೆ.

ಯಾರನ್ನು ಆರಿಸಿಕೊಳ್ಳುತ್ತದೆ ಎಂಬ ಪರೀಕ್ಷೆ

ಭಾಷಾವಿಜ್ಞಾನಿಗಳಾದ ಅರ್ನಾಲ್ಡ್ ಜ್ವಿಕಿ ಮತ್ತು ಜೆಫ್ರಿ ಪುಲ್ಲಂ 1983ರಲ್ಲಿ ಕ್ಲಿಟಿಕ್ಕನ್ನೂ ಪ್ರತ್ಯಯವನ್ನೂ ಬೇರ್ಪಡಿಸಲು ಆರು ಒರೆಗಳನ್ನು ಮುಂದಿಟ್ಟರು. ಇಂಗ್ಲಿಷಿನ ‘ಡೋಂಟ್’, ‘ವೋಂಟ್’ಗಳ ಕೊನೆಯಲ್ಲಿರುವ ನಿಷೇಧದ ಅಂಶವನ್ನು ಹಲವರು ‘ನಾಟ್’ ಪದದ ಮೊಟಕು ರೂಪವೆಂದು, ಅಂದರೆ ಕ್ಲಿಟಿಕ್ಕೆಂದು ಭಾವಿಸಿದ್ದ ಕಾಲದಲ್ಲಿ, ಅದು ನಿಜಕ್ಕೂ ಪ್ರತ್ಯಯ ಎಂದು ಅವರು ತೋರಿಸಿದರು. ಅದು ಸಹಾಯಕ ಕ್ರಿಯಾಪದಗಳಿಗಷ್ಟೇ ಹತ್ತುತ್ತದೆ. ‘ವಿಲ್’ ಎಂಬುದನ್ನು ‘ವೋಂಟ್’ ಎಂದು ಯಾವ ಸಾಮಾನ್ಯ ನಿಯಮಕ್ಕೂ ಸಿಗದಂತೆ ಬದಲಿಸುತ್ತದೆ. ಕೆಲವು ಸಹಾಯಕಗಳಿಗೆ ಹತ್ತಲೇ ಒಪ್ಪುವುದಿಲ್ಲ. ಈ ಆರು ಒರೆಗಳಲ್ಲಿ ನಮ್ಮ ಮಾತಿಗೆ ಹೆಚ್ಚು ಕೆಲಸಕ್ಕೆ ಬರುವುದು ಮೊದಲನೆಯದು: ಆತುಕೊಳ್ಳುವ ಅಂಶವು ತಾನು ಆತುಕೊಳ್ಳುವ ಪದದ ಜಾತಿಯನ್ನು ಎಷ್ಟು ಕಟ್ಟುನಿಟ್ಟಾಗಿ ಆರಿಸಿಕೊಳ್ಳುತ್ತದೆ? ಪ್ರತ್ಯಯ ಬಹಳ ಆಯ್ದು ಹತ್ತುತ್ತದೆ, ಕ್ಲಿಟಿಕ್ ಸಿಕ್ಕದ್ದಕ್ಕೆ ಹತ್ತುತ್ತದೆ.

‘ನೀವು ಯಾವಾಗ ಬಂದ್ರಿ?’ ಎಂಬಲ್ಲಿನ ರಿ ಕ್ರಿಯಾಪದಕ್ಕೆ ಮಾತ್ರ ಹತ್ತುತ್ತದೆ, ಅದೂ ಕರ್ತೃ ‘ನೀವು’ ಆಗಿದ್ದಾಗ ಮಾತ್ರ. ‘ಬಸ್ ಬಂತ್ರಿ’ ಎಂಬಲ್ಲಿನ ರಿಗೆ ಇಂಥ ಹಂಗಿಲ್ಲ. ‘ಯಾರು?’ ಎಂದರೆ ‘ನಾನ್ರಿ’, ‘ಎಲ್ಲಿಗೆ?’ ಎಂದರೆ ‘ಕೊಪ್ಪಳಕ್ರಿ’, ‘ಬೇಕೇನು?’ ಎಂದರೆ ‘ಬೇಕ್ರಿ’ ಅಥವಾ ‘ಬ್ಯಾಡ್ರಿ’, ಇವೆಲ್ಲ ದಿನಬಳಕೆಯ ಮಾತುಗಳು. ಸರ್ವನಾಮ, ವಿಭಕ್ತಿ ಹತ್ತಿದ ನಾಮಪದ, ಬೇಕು ಬೇಡಗಳಂಥ ಪದಗಳು, ಉತ್ತಮಪುರುಷದ ‘ಬರ್ತೀನ್ರಿ’, ಪ್ರಥಮಪುರುಷದ ‘ಬಂದಾರ್ರಿ’ ಯಾವುದನ್ನೂ ಅದು ಬಿಡುವುದಿಲ್ಲ. ಕಥೆ ಹೇಳುವ ಹಿರಿಯರಂತೂ ‘ನಿನ್ನೇರಿ, ನಾವ್ ಪ್ಯಾಟಿಗೆ ಹೋಗಿದ್ವಿರಿ’ ಎಂದು ಪ್ರತಿ ನಿಲುಗಡೆಯಲ್ಲಿಯೂ ಅದನ್ನು ಇಡುತ್ತಾರೆ. ಇಡುವ ಜಾಗಕ್ಕೂ ಒಂದು ಕ್ರಮವಿದೆ. ‘ದೊಡ್ಡ ಮನ್ಯಾಗ್ರಿ’ ಎನ್ನಬಹುದು, ಆದರೆ ವಿಶೇಷಣಕ್ಕೂ ನಾಮಪದಕ್ಕೂ ನಡುವೆ ಅದನ್ನು ತುರುಕಿ ‘ದೊಡ್ಡರಿ ಮನ್ಯಾಗ’ ಎನ್ನುವವರನ್ನು ನಾನು ಕೇಳಿಲ್ಲ. ಅದಕ್ಕೆ ಬೇಕಾದದ್ದು ಪದಪುಂಜದ ಅಂಚು. ಆ ಅಂಚಿನಲ್ಲಿ ಯಾವ ಜಾತಿಯ ಪದ ನಿಂತಿದೆ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಕ್ಲಿಟಿಕ್ಕಿನ ಗುರುತು ಇದೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೇಳುಗರನ್ನು ಗುರುತಿಸುವ ಅಂಶ ಎಂದಾಕ್ಷಣ ಅದು ಕ್ಲಿಟಿಕ್ಕೇ ಆಗಬೇಕೆಂದಿಲ್ಲ. ಬಾಸ್ಕ್ ಭಾಷೆಯಲ್ಲಿ ವಾಕ್ಯದ ಕರ್ತೃವೂ ಕರ್ಮವೂ ಅಲ್ಲದ, ಬರೀ ಕೇಳುಗನಾಗಿರುವವನ ಗುರುತು ಸಹಾಯಕ ಕ್ರಿಯಾಪದದ ಒಳಗೇ ಸೇರಿಕೊಳ್ಳುತ್ತದೆ. ಅಲ್ಲಿ ಅದು ಕ್ರಿಯಾಪದವನ್ನು ಬಿಟ್ಟು ಬೇರೆಡೆ ಹೋಗುವುದಿಲ್ಲ, ಆದ್ದರಿಂದ ಅಲ್ಲಿ ಅದು ಪ್ರತ್ಯಯ. ನಮ್ಮ ರಿ ಮಾಡುವ ಕೆಲಸ ಅದಕ್ಕೆ ಹತ್ತಿರದ್ದೇ. ಬೇರೆಯಾಗಿರುವುದು ಅದು ಆತುಕೊಳ್ಳುವ ಬಗೆ. ಸ್ಥಾನಮಾನವನ್ನು ತೀರ್ಮಾನಿಸುವಾಗ ಅರ್ಥವನ್ನು ನೋಡಿ ಮೋಸಹೋಗಬಾರದು.

ಕರ್ತೃವನ್ನು ಬದಲಿಸಿ, ಕೇಳುಗನನ್ನು ಬದಲಿಸಿ

ನನ್ನ ಅನುಭವದಲ್ಲಿ ಇಡೀ ಗೊಂದಲವನ್ನು ಬಿಡಿಸಿದ್ದು ಒಂದೇ ವಾಕ್ಯ, ಈ ಕಡೆ ಯಾರ ಮನೆಗೆ ಹೋದರೂ ಕೇಳಿಬರುವ ‘ಊಟಾ ಮಾಡಿದ್ರೇನ್ರಿ?’ ಎಂಬ ಪ್ರಶ್ನೆ. ಇದರ ಕ್ರಿಯಾರೂಪದಲ್ಲಿ ರಕಾರ ಎರಡು ಸಲ ಬಂದಿದೆ. ಅವೆರಡೂ ಒಂದೇ ಅಂಶವೇ, ಬೇರೆ ಬೇರೆಯೇ ಎಂದು ತಿಳಿಯಲು ಎರಡು ಬದಲಾವಣೆಗಳನ್ನು ಒಂದೊಂದಾಗಿ ಮಾಡಿ ನೋಡಬೇಕು.

ಮೊದಲು ಕೇಳುಗರನ್ನು ಹಾಗೆಯೇ ಇಟ್ಟುಕೊಂಡು ಕರ್ತೃವನ್ನು ಬದಲಿಸೋಣ. ಅದೇ ಹಿರಿಯರ ಮುಂದೆ ನಿಂತು ಬಸ್ಸಿನ ವಿಷಯ ಕೇಳಿದರೆ ‘ಬಸ್ ಬಂತೇನ್ರಿ?’ ಎನ್ನುತ್ತೇವೆ. ಮೊದಲನೆಯ ರಿ ಹೋಗಿ ಆ ಜಾಗಕ್ಕೆ ನಪುಂಸಕಲಿಂಗದ ಕ್ರಿಯಾರೂಪ ಬಂತು; ಕೊನೆಯ ರಿ ಕದಲಲಿಲ್ಲ. ಈಗ ಕರ್ತೃವನ್ನು ಬಸ್ಸಿಗೇ ಬಿಟ್ಟು ಕೇಳುಗರನ್ನು ಬದಲಿಸೋಣ. ಗೆಳೆಯನ ಮುಂದೆ ‘ಬಸ್ ಬಂತೇನಪಾ?’, ತಾಯಿಯಂಥ ಹೆಣ್ಣುಮಗಳ ಮುಂದೆ ‘ಬಸ್ ಬಂತೇನವಾ?’ ಆಗುತ್ತದೆ. ಕ್ರಿಯಾರೂಪ ಹಾಗೆಯೇ ಉಳಿದು ಕೊನೆಯ ತುಂಡು ಮಾತ್ರ ಬದಲಾಯಿತು. ಅಂದರೆ ಮೊದಲ ರಿ ಕರ್ತೃವಿಗೆ ಹೊಂದಿಕೊಳ್ಳುವ ಕ್ರಿಯಾಪ್ರತ್ಯಯ, ಕೊನೆಯ ರಿ ಕೇಳುಗರನ್ನು ನೋಡಿ ಬರುವ ಅಂಶ. ಪಾ, ವಾ, ಲೇ ಎಂಬವು ಅದೇ ಮಣೆಯ ಮೇಲೆ ಕೂರುವ ಅದರ ಸರೀಕರು. ಗೆಳೆಯನನ್ನೇ ‘ಊಟಾ ಮಾಡಿದೇನಪಾ?’ ಎಂದು ಕೇಳುವಾಗ ಎರಡೂ ಒಟ್ಟಿಗೆ ಬದಲಾಗುವುದು ಕರ್ತೃವೂ ಕೇಳುಗನೂ ಒಬ್ಬನೇ ಆಗಿರುವುದರಿಂದ. ಅಂಥ ವಾಕ್ಯವೊಂದನ್ನೇ ಹಿಡಿದುಕೊಂಡು ಕುಳಿತರೆ ವ್ಯತ್ಯಾಸ ಎಂದಿಗೂ ಕಾಣದು. ನಾವು ತಿಂಗಳುಗಟ್ಟಲೆ ಕಾಣದೆ ಇದ್ದದ್ದು ಹೀಗೆಯೇ.

ಬಿಟ್ಟು ನೋಡುವ ಪರೀಕ್ಷೆಯೂ ಇದೇ ತೀರ್ಪು ಕೊಡುತ್ತದೆ. ‘ಬರ್ತೀನ್ರಿ’ ಎಂಬುದರಿಂದ ರಿ ತೆಗೆದರೆ ‘ಬರ್ತೀನಿ’ ಉಳಿಯುತ್ತದೆ, ಗೌರವ ಕಡಿಮೆಯಾಯಿತೆಂದು ಹಿರಿಯರು ಮುಖ ನೋಡಬಹುದೇ ಹೊರತು ವಾಕ್ಯ ಕೆಡುವುದಿಲ್ಲ. ‘ನೀವು ಬಂದ್ರಿ’ ಎಂಬುದರಿಂದ ರಿ ತೆಗೆದು ‘ನೀವು ಬಂದ’ ಎಂದರೆ ಅದು ಕನ್ನಡವೇ ಅಲ್ಲ.

‘ಮಾಡಿದ್ರೇನ್ರಿ’ ಎಂಬುದರ ಎರಡು ರಿಗಳ ನಡುವೆ ಕುಳಿತಿರುವ ‘ಏನ್’ ಕೂಡ ಒಂದು ಸಾಕ್ಷಿ. ಕ್ಲಿಟಿಕ್ ಹತ್ತಿದ ಮೇಲೆ ಇನ್ನೊಂದು ಕ್ಲಿಟಿಕ್ ಹತ್ತಬಹುದು, ಆದರೆ ಕ್ಲಿಟಿಕ್ಕಿನ ಹೊರಗೆ ಪ್ರತ್ಯಯ ಹತ್ತಲಾರದು ಎಂಬುದು ಜ್ವಿಕಿ ಮತ್ತು ಪುಲ್ಲಂ ಕೊಟ್ಟ ಆರನೆಯ ಒರೆ. ಪ್ರಶ್ನೆಯ ಏನ್ ಸ್ವತಃ ಕ್ಲಿಟಿಕ್: ‘ನೀನೇನ್?’, ‘ಇವತ್ತೇನ್?’, ‘ಹೌದೇನ್?’ ಎಂದು ಎಲ್ಲದಕ್ಕೂ ಹತ್ತುತ್ತದೆ. ಅದರ ಒಳಬದಿಯಲ್ಲಿ ಕರ್ತೃವಿಗೆ ಹೊಂದುವ ರಿ ಇದೆ, ಹೊರಬದಿಯಲ್ಲಿ ಗೌರವದ ರಿ ಇದೆ. ‘ಬಸ್ ಬಂತಂತ್ರಿ’ ಎಂಬಲ್ಲಿ ಕೇಳಿದ ಸುದ್ದಿಯನ್ನು ಸೂಚಿಸುವ ‘ಅಂತ’ ಒಳಗೆ, ರಿ ಹೊರಗೆ. ಗೌರವದ ರಿ ಯಾವಾಗಲೂ ಸಾಲಿನ ಕಟ್ಟಕಡೆಗೆ ನಿಲ್ಲುತ್ತದೆ. ಏನ್ ಅಥವಾ ಅಂತ ಅದರ ಆಚೆಗೆ ಹೋಗುವುದಿಲ್ಲ.

ರಿ ಮೇಲೆ ರಿ ಏಕೆ ಹತ್ತುವುದಿಲ್ಲ

ಇಷ್ಟಾದ ಮೇಲೆ ಒಂದು ಆಕ್ಷೇಪ ಉಳಿಯುತ್ತದೆ. ಗೌರವದ ರಿ ಸಿಕ್ಕದ್ದಕ್ಕೆಲ್ಲ ಹತ್ತುವುದಾದರೆ ‘ನೀವು ಬಂದ್ರಿ’ ಎಂಬುದಕ್ಕೂ ಹತ್ತಿ ‘ನೀವು ಬಂದ್ರಿರಿ’ ಆಗಬೇಕಿತ್ತು. ಹಾಗೆ ಯಾರೂ ಅನ್ನುವುದಿಲ್ಲ. ಕಾರಣವಿಲ್ಲದ ಖಾಲಿ ಜಾಗಗಳು ಪ್ರತ್ಯಯಗಳ ಲಕ್ಷಣವೆಂದು ಒರೆಗಳು ಹೇಳುತ್ತವೆ. ಹಾಗಿದ್ದರೆ ಗೌರವದ ರಿ ಕೂಡ ಪ್ರತ್ಯಯವೇ ಆಗಿಬಿಡುವುದಿಲ್ಲವೇ?

ಈ ಖಾಲಿ ಜಾಗಕ್ಕೆ ಕಾರಣವಿದೆ ಎಂದು ತೋರಿಸಿದರೆ ಆಕ್ಷೇಪ ಬಿದ್ದುಹೋಗುತ್ತದೆ. ವ್ಯಾಕರಣವೇ ಎರಡನ್ನು ಒಂದೇ ಕ್ರಿಯಾರೂಪದಲ್ಲಿ ಇರಗೊಡುವುದಿಲ್ಲವಾಗಿದ್ದರೆ ‘ಮಾಡಿದ್ರೇನ್ರಿ’ ಎಂಬುದೂ ಆಗಬಾರದಿತ್ತು. ನಡುವೆ ಏನ್ ಬಂದೊಡನೆ ಎರಡೂ ನೆಮ್ಮದಿಯಿಂದ ಇರುತ್ತವೆ. ಆದ್ದರಿಂದ ತಡೆಯುತ್ತಿರುವುದು ಒಂದೇ ಧ್ವನಿಯ ಎರಡು ಅಕ್ಷರಗಳು ಬೆನ್ನಿಗೆ ಬೆನ್ನು ಹಚ್ಚಿ ಬರುವುದು. ನಾಲಿಗೆ ಅವುಗಳಲ್ಲಿ ಒಂದನ್ನು ನುಂಗುತ್ತದೆ. ಇದನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷಿಸಬಹುದು. ಅದೇ ಮಣೆಯ ಮೇಲೆ ಕೂರುವ, ಆದರೆ ಬೇರೆ ಧ್ವನಿಯಿರುವ ಪಾ ಎಂಬುದನ್ನು ಕ್ರಿಯಾಪ್ರತ್ಯಯದ ರಿ ಮೇಲೆ ಹಚ್ಚಿ ನೋಡಿದರೆ, ಗೆಳೆಯರ ಗುಂಪನ್ನು ಕರೆಯುವ ‘ಬರ್ರೆಪಾ’ ಎಂಬ ಮಾತು ಸಲೀಸಾಗಿ ಬರುತ್ತದೆ. ಖಾಲಿ ಜಾಗ ಕಂಡಾಗಲೆಲ್ಲ ಹೀಗೆ ಎರಡು ದಿಕ್ಕಿನಿಂದ ನೋಡದೆ ‘ಇದು ಪ್ರತ್ಯಯ’ ಎಂದು ಬರೆದುಬಿಡುವುದು ಆತುರ.

ಆಜ್ಞೆಯ ‘ಬರ್ರಿ’ ಯಾವುದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಆಜ್ಞೆಯಲ್ಲಿ ಕರ್ತೃವೇ ಕೇಳುಗ, ಆದ್ದರಿಂದ ಮೇಲಿನ ಬದಲಾವಣೆಯ ಪರೀಕ್ಷೆ ಕೈಕೊಡುತ್ತದೆ. ರೂಪದ ವಕ್ರತೆಯನ್ನು ನೋಡಬೇಕಾಗುತ್ತದೆ. ಒಬ್ಬನಿಗೆ ‘ಬಾ’, ‘ತಾ’. ಗೌರವಕ್ಕೆ ಅಥವಾ ಹಲವರಿಗೆ ‘ಬರ್ರಿ’, ‘ತರ್ರಿ’. ಬಾ ಎಂಬುದು ಬರ್ ಆಗುವುದು ಈ ರಿ ಹತ್ತಿದ್ದಕ್ಕೆ, ಯಾವ ಸಾಮಾನ್ಯ ಧ್ವನಿನಿಯಮದಿಂದಲೂ ಅಲ್ಲ. ಪ್ರಕೃತಿಯ ಒಳಗೆ ಕೈಹಾಕಿ ಅದರ ರೂಪವನ್ನೇ ಆರಿಸುವ ಅಧಿಕಾರ ಪ್ರತ್ಯಯಕ್ಕೆ ಮಾತ್ರ ಇರುವುದರಿಂದ ಬರ್ರಿಯಲ್ಲಿರುವುದು ಪ್ರತ್ಯಯ. ‘ಹೌದು’ ಎಂಬುದು ‘ಹೌದ್ರಿ’ ಆಗುವಾಗಲೂ ರೂಪ ಬದಲಾಗುತ್ತದಲ್ಲ ಎಂದು ಕೇಳಬಹುದು. ಅಲ್ಲಿ ಬಿದ್ದುಹೋಗುವುದು ಕೊನೆಯ ಹ್ರಸ್ವ ಉಕಾರ, ಅದು ‘ಬೇಕ್ ನೋಡು’ ಎಂಬಂಥ ವೇಗದ ಮಾತಿನಲ್ಲಿ ಬಿಡಿ ಪದಗಳ ಮುಂದೆಯೂ ಬೀಳುತ್ತದೆ. ಎಲ್ಲ ಕಡೆ ನಡೆಯುವ ಬದಲಾವಣೆ ಪ್ರತ್ಯಯತ್ವಕ್ಕೆ ಸಾಕ್ಷಿಯಾಗದು.

ಬೆಂಗಳೂರು, ಮೈಸೂರಿನ ಕಡೆಯ ‘ಬನ್ರಿ’ಯನ್ನು ನಮ್ಮ ಬರ್ರಿಯ ಪಕ್ಕಕ್ಕಿಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲಿ ಗೌರವದ ಆಜ್ಞಾರೂಪ ‘ಬನ್ನಿ’ ಎಂದು ಆಗಲೇ ಪೂರ್ತಿಯಾಗಿದೆ, ಅದರ ಮೇಲೆ ಕರೆಯುವ ರಿ ಆತುಕೊಂಡು ಬನ್ರಿ ಆಗಿದೆ. ಇಲ್ಲಿ ರಿ ತೆಗೆದರೆ ‘ಬರ್’ ಎಂಬ ತುಂಡು ಉಳಿಯುತ್ತದೆ, ಅದು ಯಾವ ಪದವೂ ಅಲ್ಲ. ಒಂದೇ ಧ್ವನಿ, ಒಂದೇ ಸಂದರ್ಭ, ಆದರೂ ಒಂದು ಸೀಮೆಯಲ್ಲಿ ಕ್ಲಿಟಿಕ್, ಇನ್ನೊಂದರಲ್ಲಿ ಪ್ರತ್ಯಯ. ಬೇರೆ ಊರಿನ ವ್ಯಾಕರಣದ ತೀರ್ಮಾನವನ್ನು ಎರವಲು ತರುವ ಮೊದಲು ತನ್ನ ಊರಿನ ರೂಪವನ್ನು ಬಿಡಿಸಿ ನೋಡಬೇಕಾದದ್ದು ಇದಕ್ಕಾಗಿ.

ಬಿಡಿ ಪದವೆನ್ನಲು ಏನು ಬೇಕು

ಮೂರನೆಯ ರೀ ಹೆಚ್ಚು ಚರ್ಚೆ ಬೇಡುವುದಿಲ್ಲ. ಬಸ್ಸಿನಲ್ಲಿ ಚೀಲ ಮರೆತು ಇಳಿದವರನ್ನು ‘ರೀ, ನಿಮ್ಮ ಚೀಲಾ!’ ಎಂದು ಕರೆಯುವಾಗ ಅದರ ಹಿಂದೆ ಆತುಕೊಳ್ಳಲು ಯಾವ ಪದವೂ ಇಲ್ಲ, ಮುಂದೆ ಸ್ಪಷ್ಟವಾದ ನಿಲುಗಡೆ ಇದೆ, ಬರೀ ‘ರೀ!’ ಎಂದರೂ ಅದೊಂದು ಪೂರ್ತಿ ಮಾತು. ಸ್ವರದ ದೀರ್ಘತೆಯನ್ನೂ ಗಮನಿಸಬೇಕು. ಕನ್ನಡದಲ್ಲಿ ಒಂದೇ ಅಕ್ಷರದ ಬಿಡಿ ಪದಗಳು ಬಾ, ತಾ, ಮೀ, ಹೂ ಎಂದು ದೀರ್ಘವಾಗಿಯೇ ಇರುತ್ತವೆ. ಹ್ರಸ್ವವಾದ ರಿ ಆ ಅಳತೆಗೆ ಏರುವುದಿಲ್ಲ, ದೀರ್ಘವಾದ ರೀ ಏರುತ್ತದೆ. ಆದರೆ ದೂರದಲ್ಲಿರುವವರಿಗೆ ‘ಬಂತ್ರೀ!’ ಎಂದು ಕೂಗುವಾಗ ಕ್ಲಿಟಿಕ್ಕೂ ದೀರ್ಘವಾಗುವುದರಿಂದ, ಮುದ್ರಿಕೆಯಲ್ಲಿ ದೀರ್ಘ ಕೇಳಿತೆಂದು ಬಿಡಿಸಿ ಬರೆದುಬಿಡಬಾರದು; ಅದು ಮಾತಿನ ಆರಂಭದಲ್ಲಿ ಒಂಟಿಯಾಗಿ ನಿಲ್ಲಬಲ್ಲುದೇ ಎಂಬುದನ್ನೇ ಮುಖ್ಯವಾಗಿ ಕೇಳಬೇಕು. ದ್ರಾವಿಡ ಮೂಲದ ಪದಗಳು ಸಾಮಾನ್ಯವಾಗಿ ರಕಾರದಿಂದ ಆರಂಭವಾಗುವುದಿಲ್ಲ ಎಂಬುದನ್ನು ನೆನೆದರೆ, ಕ್ರಿಯಾಪದದ ಬಾಲವಾಗಿದ್ದದ್ದೇ ಕಳಚಿಕೊಂಡು ಕ್ಲಿಟಿಕ್ಕಾಗಿ, ಕೊನೆಗೆ ಪದವಾಗಿ ನಿಂತಿತೆಂದು ನನಗೆ ತೋರುತ್ತದೆ.

ಬರವಣಿಗೆಯಲ್ಲಿ ಕೂಡಿರುವುದೆಲ್ಲ ಪ್ರತ್ಯಯವಲ್ಲ ಎಂಬುದಕ್ಕೆ ರಿಯ ಆಚೆಗೆ ಒಂದು ಉದಾಹರಣೆ ಕೊಡಬೇಕು, ಏಕೆಂದರೆ ಪದಪಟ್ಟಿ ಮಾಡುವವರು ಇಲ್ಲಿ ಬಹಳ ಎಡವುತ್ತಾರೆ. ‘ಮಾಡಲಿಲ್ಲ’ ಎಂಬುದನ್ನು ನಾವು ಒಂದೇ ಪದವಾಗಿ ಬರೆಯುತ್ತೇವೆ. ನಡುವೆ ಒತ್ತು ಕೊಡುವ ಏ ಎಂಬ ಕ್ಲಿಟಿಕ್ಕನ್ನು ಇಟ್ಟು ನೋಡಿದರೆ ‘ಮಾಡಲೇ ಇಲ್ಲ’ ಎಂದು ಅದು ಎರಡಾಗಿ ಬಿಚ್ಚಿಕೊಳ್ಳುತ್ತದೆ. ಹಾಗೆಯೇ ‘ನೋಡಿಲ್ಲ’ ಎಂಬುದು ‘ನೋಡಿಯೇ ಇಲ್ಲ’ ಆಗುತ್ತದೆ. ಕ್ಲಿಟಿಕ್ ಪದದ ಒಳಗೆ ನುಗ್ಗುವುದಿಲ್ಲ, ಪದ ಮುಗಿದ ಮೇಲೆ ಹತ್ತುತ್ತದೆ. ಆದ್ದರಿಂದ ಏ ನಿಂತ ಜಾಗದಲ್ಲಿ ಒಂದು ಪದ ಮುಗಿದಿದೆ, ಮುಂದಿನ ‘ಇಲ್ಲ’ ಬೇರೆ ಪದ. ಇದಕ್ಕೆ ವಿರುದ್ಧವಾಗಿ ‘ಮಾಡುತ್ತಾನೆ’ ಎಂಬುದರಲ್ಲಿ ಕಾಲಕ್ಕೂ ಪುರುಷಕ್ಕೂ ನಡುವೆ ಏ ಇಡಲು ಎಲ್ಲಿಯೂ ಸಂದು ಸಿಗುವುದಿಲ್ಲ. ಏ ಕೊನೆಯಲ್ಲಿಯೇ ಬಂದು ‘ಮಾಡುತ್ತಾನೆಯೇ’ ಆಗಬೇಕು.

ಈ ಸಂದು ಹುಡುಕುವ ಪರೀಕ್ಷೆಯನ್ನು ನಾನು ಬಹಳ ನಂಬುತ್ತೇನೆ, ಆದರೆ ಅದು ಎಲ್ಲಿ ಮಂಕಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ‘ಮಾಡಬೇಕು’ ಎಂಬುದು ‘ಮಾಡಲೇಬೇಕು’ ಆಗುವಾಗ ಏ ಒಂದೇ ಒಳಗೆ ಬರುವುದಿಲ್ಲ, ಮೊದಲಿಲ್ಲದ ಲಕಾರವೂ ಜೊತೆಗೆ ಬರುತ್ತದೆ. ಅಂದರೆ ನಾವು ಇದ್ದ ರೂಪವನ್ನು ಬಿಚ್ಚಿದಂತಾಗಲಿಲ್ಲ, ‘ಮಾಡಲು’ ಎಂಬ ಬೇರೊಂದು ರೂಪಕ್ಕೆ ಏ ಹಚ್ಚಿದಂತಾಯಿತು. ಬೇಕು ಎಂಬುದು ‘ನೀರು ಬೇಕು’ ಎಂಬಲ್ಲಿ ಬಿಡಿಯಾಗಿ ನಿಲ್ಲುವುದರಿಂದ ಅದನ್ನು ಪದವೆಂದು ಎಣಿಸಲು ಬೇರೆ ಆಧಾರವಿದೆ, ನಿಜ. ಆದರೆ ಸಂದಿನ ಪರೀಕ್ಷೆಯ ಮೇಲೆ ಮಾತ್ರ ನಿಂತು ‘ಮಾಡಬೇಕು’ ಎರಡು ಪದ ಎಂದು ವಾದಿಸಿದರೆ ಆ ವಾದ ಸೋರುತ್ತದೆ.

ಒರೆಗಳು ಒಂದಕ್ಕೊಂದು ಎದುರಾಗುವುದೂ ಉಂಟು. ‘ರಾಯಚೂರು ಮತ್ತು ಕೊಪ್ಪಳಕ್ಕೆ’ ಎಂದು ಪತ್ರಿಕೆಗಳು ಬರೆಯುವಾಗ ಚತುರ್ಥಿಯ ಕ್ಕೆ ಒಂದೇ ಸಲ ಬಂದು ಎರಡೂ ಊರುಗಳನ್ನು ಹಿಡಿಯುತ್ತದೆ. ಇಡೀ ಪುಂಜಕ್ಕೆ ಹತ್ತಿದಂತೆ ಕಾಣುವ ಈ ನಡತೆ ಕ್ಲಿಟಿಕ್ಕಿನದು. ಆದರೆ ಅದೇ ಚತುರ್ಥಿ ನಾಮಪದಗಳನ್ನು ಬಿಟ್ಟು ಹೋಗುವುದಿಲ್ಲ, ‘ಮರಕ್ಕೆ’, ‘ಹಳ್ಳಿಗೆ’, ‘ರಾಮನಿಗೆ’ ಎಂದು ಪ್ರಕೃತಿಯನ್ನು ನೋಡಿ ರೂಪ ಬದಲಿಸುತ್ತದೆ. ನಮ್ಮದೇ ಊ ಹಚ್ಚಿ ಜೋಡಿಸಿದರಂತೂ ‘ರಾಯಚೂರಿಗೂ ಕೊಪ್ಪಳಕ್ಕೂ’ ಎಂದು ಎರಡು ಕಡೆಯೂ ಬರಲೇಬೇಕು, ಒಂದನ್ನು ಬಿಡಲಾಗದು. ನಾನು ಇಲ್ಲಿ ಆಯ್ಕೆಯ ಒರೆಗೂ ರೂಪದ ಒರೆಗೂ ಹೆಚ್ಚಿನ ತೂಕ ಕೊಟ್ಟು ಪ್ರತ್ಯಯವೆಂದೇ ಬರೆಯುತ್ತೇನೆ, ಜೋಡಣೆಯಲ್ಲಿ ಒಂದನ್ನು ಬಿಡುವ ನಡತೆಯನ್ನು ಟಿಪ್ಪಣಿಯಾಗಿ ದಾಖಲಿಸುತ್ತೇನೆ. ಪದದ ಗಡಿಯನ್ನು ಎಲ್ಲ ಭಾಷೆಗಳಿಗೂ ಹೊಂದುವಂತೆ ಗೆರೆ ಎಳೆದು ತೋರಿಸುವ ಒರೆ ಯಾವುದೂ ಇಲ್ಲ ಎಂದು ಭಾಷಾವಿಜ್ಞಾನಿ ಮಾರ್ಟಿನ್ ಹಾಸ್ಪೆಲ್‌ಮಾತ್ 2011ರಲ್ಲಿ ವಾದಿಸಿದ್ದು ಇಂಥ ಸಂದರ್ಭಗಳನ್ನು ಮುಂದಿಟ್ಟುಕೊಂಡೇ. ಯಾವ ಒರೆಗೆ ಯಾವ ಉತ್ತರ ಬಂತೆಂದು ಬರೆದಿಡುವುದು, ತೀರ್ಪನ್ನು ಮಾತ್ರ ಬರೆದಿಡುವುದಕ್ಕಿಂತ ಮುಂದಿನವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬರೆದಿಡುವ ಕ್ರಮ

ಭಾಷಾವಿಜ್ಞಾನದಲ್ಲಿ ರೂಢಿಯಲ್ಲಿರುವಂತೆ ಪ್ರತ್ಯಯದ ಮುಂದೆ ಅಡ್ಡಗೆರೆ, ಕ್ಲಿಟಿಕ್ಕಿನ ಮುಂದೆ ಸಮಚಿಹ್ನೆ, ಪದಗಳ ನಡುವೆ ಜಾಗ ಇಟ್ಟರೆ ಮೂರೂ ಆಯ್ಕೆಗಳು ಪುಟದ ಮೇಲೆ ಕಾಣುತ್ತವೆ. ಓದುವವರಿಗೆ ಕೊಡುವ ಪಠ್ಯದಲ್ಲಿ ರಿಯನ್ನು ಕೂಡಿಸಿಯೇ ಬರೆದು, ಪದಪಟ್ಟಿಗೆ ಕೊಡುವ ಪಠ್ಯದಲ್ಲಿ ಮಾತ್ರ ಈ ಗುರುತುಗಳನ್ನು ಇಡುವುದು ನಮಗೆ ಒಪ್ಪಿಗೆಯಾಯಿತು.

```
ಊಟಾ ಮಾಡಿದ್-ರಿ=ಏನ್=ರಿ
ಬಸ್ ಬಂತ್=ಅಂತ್=ರಿ
ರೀ, ಇಲ್ಲಿ ಬರ್-ರಿ
```

ಸಮಚಿಹ್ನೆಯಲ್ಲಿ ಕತ್ತರಿಸಿ ಎಣಿಸಿದಾಗ ಹೌದು, ಹೌದ್ರಿ, ಹೌದಪಾ ಮೂರೂ ಒಂದೇ ಹೌದು ಆಗಿ ಸೇರಿಕೊಂಡವು, ಬರ್ರಿ ಮಾತ್ರ ಬಾ ಎಂಬ ಧಾತುವಿನ ರೂಪವಾಗಿ ಅದರ ಕೆಳಗೆ ಹೋಯಿತು. ನಿಘಂಟಿನಲ್ಲಿ ರೀ ಎಂಬ ಕರೆಪದಕ್ಕೆ ಒಂದು ನಮೂದು, ಕ್ಲಿಟಿಕ್ ರಿಗೆ ಪಾ, ವಾ, ಲೇಗಳ ಜೊತೆಗೆ ಇನ್ನೊಂದು ನಮೂದು. ಪ್ರತ್ಯಯದ ರಿಗೆ ನಮೂದಿಲ್ಲ, ಅದು ಕ್ರಿಯಾರೂಪಗಳ ಕೋಷ್ಟಕಕ್ಕೆ ಸೇರಿದ್ದು.

ಕೊನೆಯವರೆಗೂ ಕಾಡಿದ್ದು ‘ಬ್ಯಾಡ್ರಿ’. ಅದು ‘ನನಗ ಬ್ಯಾಡ್ರಿ’ ಎಂದೂ ಬರುತ್ತದೆ, ‘ನೀವು ಹೋಗಬ್ಯಾಡ್ರಿ’ ಎಂದೂ ಬರುತ್ತದೆ, ಕಿವಿಗೆ ಎರಡೂ ಒಂದೇ. ಮೊದಲನೆಯದರಲ್ಲಿ ಕೇಳುಗರು ಬದಲಾದರೆ ‘ನನಗ ಬ್ಯಾಡಪಾ’, ‘ನನಗ ಬ್ಯಾಡವಾ’ ಆಗುತ್ತದೆ, ಗೌರವ ತೋರಬೇಕಾದವರು ಯಾರೂ ಇಲ್ಲದಿದ್ದಲ್ಲಿ ಬರೀ ‘ಬ್ಯಾಡ’ ಸಾಕು. ಎರಡನೆಯದರಲ್ಲಿ ಕರ್ತೃ ‘ನೀವು’ ಇರುವಷ್ಟು ಹೊತ್ತು ರಿಯನ್ನು ಬಿಡಲಾಗದು. ಮನೆಯ ಮಕ್ಕ‍ಳ ಗುಂಪಿಗೆ, ಗೌರವದ ಮಾತೇ ಇಲ್ಲದಿದ್ದರೂ, ‘ನೀವ್ಯಾರೂ ಹೋಗಬ್ಯಾಡ್ರಿ’ ಎಂದೇ ಹೇಳಬೇಕು. ಗ್ರಂಥಭಾಷೆಯಲ್ಲಿ ಎರಡನೆಯದು ‘ಹೋಗಬೇಡಿರಿ’ ಎಂದು ಬೇರೆ ರೂಪ ಪಡೆಯುತ್ತದೆ, ಮೊದಲನೆಯದು ‘ನನಗೆ ಬೇಡ’ ಎಂದೇ ಉಳಿಯುತ್ತದೆ. ಹೀಗಾಗಿ ಒಂದೇ ಉಚ್ಚಾರಣೆಯನ್ನು ಎರಡು ಬಗೆಯಾಗಿ ಬರೆದಿಟ್ಟೆವು.

```
ನನಗ ಬ್ಯಾಡ್=ರಿ
ನೀವು ಹೋಗಬ್ಯಾಡ್-ರಿ
```